2 ಎಚ್‌ಪಿ ಗಿರಣಿ ಮೋಟರ್: ಕ್ಲಾಂಪ್ ಮೀಟರ್ ಪ್ರಕಾರ 2760, ಕರೆಂಟ್ ಮೀಟರ್ ಪ್ರಕಾರ 1940. ಯಾವುದು ಸರಿ?

ಗಿರಣಿ_ಅಂಗಳ

ನಮಸ್ಕಾರ. ತಿಪಟೂರಿನ ಹತ್ತಿರ ಒಂದು ಸಣ್ಣ ಹಿಟ್ಟಿನ ಗಿರಣಿ ನಡೆಸುತ್ತೇನೆ. ಸಿಂಗಲ್ ಫೇಸ್ ಮೋಟರ್, 2 ಎಚ್‌ಪಿ. ಮೀಟರ್ ಮನೆಯ ಮುಂದಿದೆ. ಅಲ್ಲಿಂದ ಗಿರಣಿ ಶೆಡ್ಡಿಗೆ 40 ಮೀಟರ್ ದೂರ, 2.5 ಚದರ ಮಿಲಿಮೀಟರ್ ತಾಮ್ರದ ವೈರು ಹೋಗಿದೆ.

ರಾಗಿ ಬೀಸುತ್ತಿರುವಾಗ ಮೀಟರ್ ಪಕ್ಕದಲ್ಲೇ ಕ್ಲಾಂಪ್ ಹಾಕಿ ನೋಡಿದೆ. 12 ಆಂಪ್ ಬಂತು. ವೋಲ್ಟೇಜ್ 230. ಗುಣಿಸಿದರೆ 2760. ಆಮೇಲೆ ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಿದೆ. ಮೀಟರ್ ಮೇಲೆ `3200 imp/kWh` ಅಂತ ಬರೆದಿದೆ. 100 ಸಲ ಮಿನುಗಲು 58 ಸೆಕೆಂಡ್ ಹಿಡಿಯಿತು. ಲೆಕ್ಕ ಹಾಕಿದರೆ ಸುಮಾರು 1940 ವ್ಯಾಟ್.

ಇನ್ನೂ ಒಂದು. ಧಾನ್ಯ ಹಾಕದೆ ಮೋಟರನ್ನು ಖಾಲಿ ಓಡಿಸಿದಾಗಲೂ ಕ್ಲಾಂಪ್ 8.5 ಆಂಪ್ ತೋರಿಸುತ್ತದೆ! ಆದರೆ ದೀಪ ಮಾತ್ರ ತುಂಬಾ ನಿಧಾನ. 20 ಸಲ ಮಿನುಗಲು 59 ಸೆಕೆಂಡ್.

ವೈರಿಂಗ್ ಮಾಡಿದವರು "ಮೀಟರ್ ನಿಧಾನ ಓಡುತ್ತಿದೆ, ಸುಮ್ನೆ ಇರಿ" ಅಂದರು. ನನಗೆ ಸುಮ್ಮನಿರಲು ಆಗುತ್ತಿಲ್ಲ. ನಾಳೆ ಯಾರಾದರೂ ಬಂದು ಮೀಟರ್ ಕೆಟ್ಟಿದೆ, ದಂಡ ಕಟ್ಟಿ ಅಂದರೆ ಏನು ಮಾಡಲಿ?

ಡಿಪ್ಲೊಮಾ_ಹುಡುಗ

ಅಕ್ಕ, ಎರಡೂ ಸರಿ. 2760 ಅನ್ನೋದು ಅಪರೆಂಟ್ ಪವರ್. 1940 ರಿಯಲ್ ಪವರ್. ಮಧ್ಯದ 820 ರಿಯಾಕ್ಟಿವ್ ಪವರ್. ಅದು ಮೋಟರಿನಲ್ಲಿ ಬಿಸಿಯಾಗಿ ವೇಸ್ಟ್ ಆಗುತ್ತದೆ. ಅದಕ್ಕೆ ಕೆಪಾಸಿಟರ್ ಹಾಕಿದರೆ ಬಿಲ್ ಕಮ್ಮಿ ಆಗುತ್ತದೆ.

ಸಬ್‌ಸ್ಟೇಷನ್_ನಿವೃತ್ತ

ತಮ್ಮ, ನೀವು ಹೇಳಿದ ಮೂರು ಹೆಸರೂ ಸರಿ, ಆದರೆ 820 ತಪ್ಪು. "ಬಿಸಿಯಾಗಿ ವೇಸ್ಟ್" ಅನ್ನುವುದೂ ತಪ್ಪು. ಇವೆರಡನ್ನೂ ನಿಧಾನವಾಗಿ ನೋಡೋಣ, ಯಾಕೆಂದರೆ ಅಕ್ಕನ ಅಳತೆಗಳು ಅಪರೂಪಕ್ಕೆ ಸಿಗುವಷ್ಟು ಚೆನ್ನಾಗಿವೆ.

ಮೊದಲು ಮೀಟರ್ ವಿಷಯ. ಅದು ನಿಧಾನ ಓಡುತ್ತಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರ್ ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಕರೆಂಟಿನಿಂದ ಗುಣಿಸುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಮಾಡಿ ಕೂಡಿಸುತ್ತಾ ಹೋಗುತ್ತದೆ. ಕ್ಲಾಂಪ್ ಮೀಟರಿಗೆ ವೋಲ್ಟೇಜ್ ಯಾವಾಗ ಮೇಲಿತ್ತು, ಯಾವಾಗ ಕೆಳಗಿತ್ತು ಅನ್ನುವುದು ಗೊತ್ತೇ ಇಲ್ಲ. ವೈರಿನಲ್ಲಿ ಎಷ್ಟು ಕರೆಂಟ್ ಇದೆ ಅನ್ನುವುದಷ್ಟೇ ಅದರ ಕೆಲಸ. ಆದ್ದರಿಂದ ಎರಡು ಉಪಕರಣಗಳೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿವೆ.

ನಮ್ಮ ಸಪ್ಲೈ 50 ಹರ್ಟ್ಸ್. ಅಂದರೆ ವೋಲ್ಟೇಜ್ ಅರ್ಧ ಸುತ್ತು ಮುಗಿಸಲು 10 ಮಿಲಿಸೆಕೆಂಡ್. ನಿಮ್ಮ ಮೋಟರ್ ಬೀಸುವಾಗ ಕರೆಂಟ್ ವೋಲ್ಟೇಜಿಗಿಂತ ಸುಮಾರು 2.5 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಆ 2.5 ಮಿಲಿಸೆಕೆಂಡ್ ಹೊತ್ತು ವೋಲ್ಟೇಜ್ ಒಂದು ದಿಕ್ಕು, ಕರೆಂಟ್ ಇನ್ನೊಂದು ದಿಕ್ಕು. ಆಗ ಶಕ್ತಿ ಮೋಟರಿನಿಂದ ಲೈನಿಗೆ ವಾಪಸ್ ಹರಿಯುತ್ತದೆ. ಉಳಿದ 7.5 ಮಿಲಿಸೆಕೆಂಡ್ ಲೈನಿನಿಂದ ಮೋಟರಿಗೆ ಬರುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದು ಮೀಟರ್ 1940 ಅನ್ನುತ್ತದೆ.

ವಾಪಸ್ ಹೋಗುವುದು ಏನು? ಮೋಟರ್ ಒಳಗಿನ ಕಬ್ಬಿಣದಲ್ಲಿ ಮತ್ತು ಗಾಳಿಯ ಸಂದಿನಲ್ಲಿ ಕಟ್ಟಿಕೊಂಡ ಅಯಸ್ಕಾಂತ ಕ್ಷೇತ್ರದ ಶಕ್ತಿ. ಕ್ಷೇತ್ರ ಕಟ್ಟುವಾಗ ಶಕ್ತಿ ಬೇಕು, ಕುಸಿಯುವಾಗ ಅದು ಹೊರಗೆ ಬರಲೇಬೇಕು. ಹಾಗಾಗಿ ಅದು ಖರ್ಚಾಗುವ ಶಕ್ತಿ ಅಲ್ಲ. ಬಂದು ಹೋಗುವ ಶಕ್ತಿ.

ಈಗ 820ರ ಮಾತು. ಇವನ್ನು ನೇರವಾಗಿ ಕಳೆಯುವ ಹಾಗಿಲ್ಲ. ಕರೆಂಟನ್ನು ಎರಡು ಭಾಗ ಮಾಡಿ ನೋಡಿ: ಒಂದು ವೋಲ್ಟೇಜ್ ಜೊತೆ ಹೆಜ್ಜೆ ಹಾಕುವ ಭಾಗ, ಇನ್ನೊಂದು ಕಾಲು ಸುತ್ತು ಹಿಂದೆ ಬರುವ ಭಾಗ. ಮೊದಲನೆಯದು ಶಿಖರದಲ್ಲಿರುವಾಗ ಎರಡನೆಯದು ಸೊನ್ನೆಯಲ್ಲಿರುತ್ತದೆ. ಆದ್ದರಿಂದ ಅವು ಲಂಬಕೋನದಲ್ಲಿ ಕೂಡುತ್ತವೆ. ಪವರ್ ಟ್ರೈಆಂಗಲ್ ಬರುವುದೇ ಇಲ್ಲಿಂದ: ಅಡ್ಡ ಬಾಹು ರಿಯಲ್ ಪವರ್ P, ಲಂಬ ಬಾಹು ರಿಯಾಕ್ಟಿವ್ ಪವರ್ Q, ಓರೆ ಬಾಹು ಅಪರೆಂಟ್ ಪವರ್ S.

```
S = 230 × 12 = 2760 VA
P = (100/3200) × 3600000 / 58 ≈ 1940 W
Q = √(2760² − 1940²) ≈ 1963 var
P/S ≈ 0.70
```

ಅಂದರೆ ಲಂಬ ಬಾಹು 820 ಅಲ್ಲ, 1963. ಅಡ್ಡ ಬಾಹುವಿಗಿಂತ ಕೊಂಚ ದೊಡ್ಡದೇ. ಪವರ್ ಫ್ಯಾಕ್ಟರ್ 0.70.

ಅಕ್ಕ, ನಿಮ್ಮ ಖಾಲಿ ಓಟದ ಅಳತೆಗೂ ಇದೇ ತ್ರಿಕೋನ ಹಾಕಿ ನೋಡಿ. ಉತ್ತರವನ್ನು ನಾನು ಹೇಳುವುದಿಲ್ಲ, ನೀವೇ ನೋಡಬೇಕು.

ಗಿರಣಿ_ಅಂಗಳ

ಹಾಕಿದೆ ಸರ್.

```
S = 230 × 8.5 = 1955 VA
P = (20/3200) × 3600000 / 59 ≈ 380 W
Q = √(1955² − 380²) ≈ 1918 var
```

ಇದೇನಿದು? ಲಂಬ ಬಾಹು ಹೆಚ್ಚುಕಡಿಮೆ ಅಷ್ಟೇ ಇದೆ! ಬೀಸುವಾಗ 1963, ಖಾಲಿ ಇದ್ದಾಗ 1918.

ಸಬ್‌ಸ್ಟೇಷನ್_ನಿವೃತ್ತ

ಹೌದು. ಈ ಮೋಟರಿನ ಬಗ್ಗೆ ತಿಳಿಯಬೇಕಾದ ದೊಡ್ಡ ಸಂಗತಿ ಇದೇ. ವೋಲ್ಟೇಜ್ ಅಷ್ಟೇ ಇದ್ದರೆ ಕ್ಷೇತ್ರವೂ ಅಷ್ಟೇ ಬೇಕು. ಧಾನ್ಯ ಇರಲಿ ಬಿಡಲಿ, ಆ ಸುಮಾರು 1900 ವಾರ್ ಬಂದು ಹೋಗುತ್ತಲೇ ಇರುತ್ತದೆ. ಧಾನ್ಯ ಹಾಕಿದಾಗ ಉದ್ದವಾಗುವುದು ಅಡ್ಡ ಬಾಹು ಮಾತ್ರ, 380ರಿಂದ 1940ಕ್ಕೆ. ಅದಕ್ಕೇ ಖಾಲಿ ಓಟದಲ್ಲಿ ಪವರ್ ಫ್ಯಾಕ್ಟರ್ 0.19, ಬೀಸುವಾಗ 0.70. "ಈ ಮೋಟರಿನ ಪವರ್ ಫ್ಯಾಕ್ಟರ್ ಎಷ್ಟು" ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಎಷ್ಟು ಲೋಡ್ ಇದೆ ಅಂತ ತಿರುಗಿ ಕೇಳಬೇಕು.

ಕೊಂಚ ಏರಿದ ಆ 45 ವಾರ್, ಲೋಡ್ ಬಿದ್ದಾಗ ವೈಂಡಿಂಗ್ ಸುತ್ತ ಸೋರುವ ಕ್ಷೇತ್ರದ್ದು. ಅಂದಹಾಗೆ ನಮ್ಮ ಅಳತೆಯ ತಪ್ಪೂ ಅಷ್ಟೇ ಇರಬಹುದು. ಅದರ ಮೇಲೆ ಏನನ್ನೂ ಕಟ್ಟಬೇಡಿ.

ವೈಂಡಿಂಗ್_ಮಾಮ

ಮೋಟರ್ ವೈಂಡಿಂಗ್ ಮಾಡುವವನು ನಾನು. ಇಷ್ಟೆಲ್ಲ ಲೆಕ್ಕ ಬೇಡ. ಗಿರಣಿ ಮೋಟರಿಗೆ ಕಂಡೆನ್ಸರ್ ಇದ್ದೇ ಇರುತ್ತದೆ, ಮೇಲೆ ಉಬ್ಬಿಕೊಂಡಿರುವ ಡಬ್ಬಿಯಲ್ಲಿ. ಅದು ವೀಕ್ ಆಗಿರಬೇಕು. ದೊಡ್ಡದು ಹಾಕಿ, ಆಂಪ್ ಇಳಿಯುತ್ತೆ.

ಸಬ್‌ಸ್ಟೇಷನ್_ನಿವೃತ್ತ

ಮಾಮ, ಡಬ್ಬಿ ಒಂದಿದೆಯೋ ಎರಡಿದೆಯೋ ಅನ್ನುವುದರ ಮೇಲೆ ಹೋಗುತ್ತದೆ. ಎರಡು ಕಂಡೆನ್ಸರ್ ಇರುವ ಮೋಟರಿನಲ್ಲಿ ಒಂದು ಓಡುವಾಗಲೂ ಲೈನಿನಲ್ಲೇ ಇರುತ್ತದೆ. ಅಂಥ ಮೋಟರಿಗೆ ನಿಮ್ಮ ಮಾತು ಸಲ್ಲುತ್ತದೆ, ಓಡುವ ಕಂಡೆನ್ಸರ್ ಸೊರಗಿದರೆ ಪವರ್ ಫ್ಯಾಕ್ಟರ್ ಬೀಳುತ್ತದೆ. ಆದರೆ ಡಬ್ಬಿ ಒಂದೇ ಇದ್ದು, ಸ್ಟಾರ್ಟ್ ಆದಾಗ ಒಳಗೆ ಟಕ್ ಅಂತ ಸದ್ದು ಬಂದರೆ ಅದು ಸೆಂಟ್ರಿಫ್ಯೂಗಲ್ ಸ್ವಿಚ್. ವೇಗ ಮುಕ್ಕಾಲು ಭಾಗ ಮುಟ್ಟುವ ಹೊತ್ತಿಗೆ ಅದು ಸ್ಟಾರ್ಟಿಂಗ್ ವೈಂಡಿಂಗನ್ನೂ ಕಂಡೆನ್ಸರನ್ನೂ ಬಿಡಿಸಿಬಿಡುತ್ತದೆ. ಆಮೇಲೆ ಅದು ಎಷ್ಟು ದೊಡ್ಡದಿದ್ದರೂ ಓಡುವ ಆಂಪ್ ಮೇಲೆ ಏನೂ ಪರಿಣಾಮ ಇಲ್ಲ.

ಗಿರಣಿ_ಅಂಗಳ

ಒಂದೇ ಡಬ್ಬಿ. ಟಕ್ ಸದ್ದು ಬರುತ್ತದೆ.

ವೈಂಡಿಂಗ್_ಮಾಮ

ಹಾಗಾದರೆ ನಿವೃತ್ತರು ಹೇಳಿದ್ದು ಸರಿ. ಒಂದು ಮಾತು ಮಾತ್ರ ಕೇಳಮ್ಮ. ಸ್ಟಾರ್ಟಿಂಗ್ ಕಂಡೆನ್ಸರನ್ನು ಲೈನಿಗೆ ಅಡ್ಡ ಕಟ್ಟಿ ಓಡಿಸಬೇಡ. ಅದು ಕೆಲವೇ ಸೆಕೆಂಡಿಗೆ ಮಾಡಿದ್ದು. ಬಿಸಿಯಾಗಿ ಒಡೆದು ಒಳಗಿನದೆಲ್ಲ ಹೊರಗೆ ಬಂದದ್ದನ್ನು ಅಂಗಡಿಯಲ್ಲಿ ನೋಡಿದ್ದೇನೆ. ಬೇಕಾದರೆ 440 ವೋಲ್ಟ್ ಅಂತ ಬರೆದಿರುವ, ಸದಾ ಓಡುವ ಜಾತಿಯದನ್ನೇ ತಗೊ.

ದೋಹಾದಿಂದ

ನನ್ನದೂ ಇದೇ ಸಮಸ್ಯೆ. ಊರಲ್ಲಿ ಅಮ್ಮನ ಮನೆಗೆ ಇನ್ವರ್ಟರ್ ಹಾಕಿಸಿದ್ದೇನೆ, 900 ವಿಎ. 850 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಓವರ್‌ಲೋಡ್ ಅಂತ ಕೂಗುತ್ತದೆ. ಇಸ್ತ್ರಿ ಪೆಟ್ಟಿಗೆಗೂ ಪವರ್ ಫ್ಯಾಕ್ಟರ್ ಕಮ್ಮಿ ಇರುತ್ತದಾ? ಕೆಪಾಸಿಟರ್ ಹಾಕಬಹುದಾ?

ಡಿಪ್ಲೊಮಾ_ಹುಡುಗ

ಇಲ್ಲ ಸರ್. ಇಸ್ತ್ರಿ ಪೆಟ್ಟಿಗೆ ಬರೀ ಕಾಯುವ ತಂತಿ, ಪವರ್ ಫ್ಯಾಕ್ಟರ್ 1. ಅದಕ್ಕೆ ತ್ರಿಕೋನವೇ ಇಲ್ಲ, ಅಡ್ಡ ಗೆರೆ ಒಂದೇ. ನಿಮ್ಮ ಇನ್ವರ್ಟರಿಗೆ ಎರಡು ಮಿತಿ ಇವೆ. ವಿಎ ಅನ್ನೋದು ಅದರ ಟ್ರಾನ್ಸ್‌ಫಾರ್ಮರ್, ಸ್ವಿಚಿಂಗ್ ಭಾಗಗಳು ಹೊರುವ ಕರೆಂಟಿಗೆ. ವ್ಯಾಟ್ ಅನ್ನೋದು ಬ್ಯಾಟರಿಯಿಂದ ನಿಜವಾಗಿ ಎಳೆಯಬಹುದಾದ ಶಕ್ತಿಗೆ. ಲೇಬಲ್ ಮೇಲೆ ಅಥವಾ ಪುಸ್ತಕದಲ್ಲಿ ವ್ಯಾಟ್ ಬೇರೆ ಕೊಟ್ಟಿರುತ್ತಾರೆ, ಅದು ವಿಎಗಿಂತ ಕಮ್ಮಿ ಇರುತ್ತದೆ. ಅಲ್ಲಿ ನೋಡಿ.

ಸಬ್‌ಸ್ಟೇಷನ್_ನಿವೃತ್ತ

ತಮ್ಮ ಹೇಳಿದ್ದು ಸರಿ. ಇದರ ಉಲ್ಟಾ ಕೇಸು ಅಕ್ಕನದು. ನಾಳೆ ಗಿರಣಿಗೆ ಜನರೇಟರ್ ತರಲು ಹೋದರೆ "2 ಎಚ್‌ಪಿ ಅಂದ್ರೆ 1.5 ಕಿಲೋವ್ಯಾಟ್, 2.5 ಕೆವಿಎ ಸಾಕು" ಅನ್ನುತ್ತಾರೆ. ಸಾಕಾಗುವುದಿಲ್ಲ. 1.5 ಕಿಲೋವ್ಯಾಟ್ ಅನ್ನುವುದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಒಳಗೆ ಹೋಗುವುದು 1940 ವ್ಯಾಟ್. ಜನರೇಟರಿನ ತಂತಿ ಹೊರಬೇಕಾದದ್ದು 2760 ವಿಎ. ಸ್ಟಾರ್ಟ್ ಆಗುವಾಗ ಇದರ ಹಲವು ಪಟ್ಟು. ಡೀಸೆಲ್ ಖರ್ಚಾಗುವುದು ಅಡ್ಡ ಬಾಹುವಿಗೆ, ತಂತಿ ಬಿಸಿಯಾಗುವುದು ಓರೆ ಬಾಹುವಿಗೆ.

ಗಿರಣಿ_ಅಂಗಳ

ಅರ್ಥವಾಯಿತು ಸರ್. ಮನೆಯಲ್ಲಿ ಎಲ್ಲರೂ ಕೇಳುತ್ತಿರುವುದು ಒಂದೇ: ಕಂಡೆನ್ಸರ್ ಹಾಕಿದರೆ ಬಿಲ್ ಇಳಿಯುತ್ತದಾ? ಸಂತೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿ ಮಾರುತ್ತಾರೆ, 30 ಪರ್ಸೆಂಟ್ ಉಳಿತಾಯ ಅಂತ.

ಸಬ್‌ಸ್ಟೇಷನ್_ನಿವೃತ್ತ

ಆ ಡಬ್ಬಿ ತರಬೇಡಿ. ಅಂಥದನ್ನು ಬಿಚ್ಚಿದಾಗ ಸಾಮಾನ್ಯವಾಗಿ ಸಿಗುವುದು ಒಂದು ಪುಟ್ಟ ಕಂಡೆನ್ಸರ್ ಮತ್ತು ಒಂದು ಹಸಿರು ದೀಪ. 4 ಮೈಕ್ರೋಫ್ಯಾರಡ್ ಇದೆ ಅಂದುಕೊಳ್ಳಿ. 230 ವೋಲ್ಟಿನಲ್ಲಿ ಅದು ಕೊಡುವುದು ಸುಮಾರು 66 ವಾರ್. ನಿಮ್ಮ ಲಂಬ ಬಾಹು 1963. ಅಲ್ಲಾಡುವುದೂ ಇಲ್ಲ.

ಸರಿಯಾದ ಲೆಕ್ಕ ಹೀಗೆ. ಕಂಡೆನ್ಸರಿನ ಕರೆಂಟ್ ವೋಲ್ಟೇಜಿಗಿಂತ ಕಾಲು ಸುತ್ತು ಮುಂದೆ ಓಡುತ್ತದೆ, ಮೋಟರಿನ ಕ್ಷೇತ್ರದ ಕರೆಂಟ್ ಕಾಲು ಸುತ್ತು ಹಿಂದೆ. ಮೋಟರಿನ ಕ್ಷೇತ್ರ ಶಕ್ತಿ ಬಿಡುವ ಹೊತ್ತಿಗೆ ಕಂಡೆನ್ಸರ್ ತುಂಬಿಕೊಳ್ಳುತ್ತದೆ, ಕ್ಷೇತ್ರಕ್ಕೆ ಬೇಕಾದಾಗ ಕೊಡುತ್ತದೆ. ಆ ಓಡಾಟ ಶೆಡ್ಡಿನಲ್ಲೇ ಮುಗಿಯುತ್ತದೆ, 40 ಮೀಟರ್ ವೈರಿಗೆ ಬರುವುದಿಲ್ಲ. ಬೀಸುವಾಗ ಪವರ್ ಫ್ಯಾಕ್ಟರ್ 0.95 ಬೇಕು ಅಂದರೆ ಲಂಬ ಬಾಹು 638ಕ್ಕೆ ಇಳಿಯಬೇಕು:

```
Qc = 1963 − 638 = 1325 var
C  = 1325 / (2π × 50 × 230²) ≈ 80 µF
I  = 1940 / (230 × 0.95) ≈ 8.9 A
```

12 ಆಂಪ್ 8.9ಕ್ಕೆ ಇಳಿಯುತ್ತದೆ. ಕಾಲು ಭಾಗ ಕಮ್ಮಿ. ಆದರೆ ನೋಡಿ, 1940 ಅನ್ನುವ ಅಡ್ಡ ಬಾಹು ಹಾಗೇ ಇದೆ. ಮೀಟರ್ ಎಣಿಸುವುದು ಅದನ್ನೇ. ಹಾಗಾದರೆ ಉಳಿತಾಯ ಎಲ್ಲಿ? ವೈರಿನಲ್ಲಿ ಮಾತ್ರ. ಹೋಗಿ ಬರುವ 80 ಮೀಟರ್ ತಾಮ್ರದ ರೆಸಿಸ್ಟೆನ್ಸ್ ಸುಮಾರು 0.59 ಓಮ್. 12 ಆಂಪಿಗೆ ಅಲ್ಲಿ 85 ವ್ಯಾಟ್ ಬಿಸಿಯಾಗುತ್ತದೆ. 8.9 ಆಂಪಿಗೆ 47. ಉಳಿತಾಯ 38 ವ್ಯಾಟ್, ಅಂದರೆ ಶೇಕಡಾ 2. ದಿನಕ್ಕೆ 4 ಗಂಟೆ ಬೀಸಿದರೆ ಒಂದು ಯೂನಿಟ್ ಉಳಿಯಲು ಒಂದು ವಾರ ಬೇಕು.

ಕಂಡೆನ್ಸರನ್ನು ಮೀಟರ್ ಪಕ್ಕದಲ್ಲಿ ಹಾಕಿದರೆ ಅದೂ ಇಲ್ಲ. ಆಗ ಓಡಾಟ ನಿಮ್ಮ ವೈರಿನಲ್ಲಿ ಮೊದಲಿನಂತೆಯೇ ಇರುತ್ತದೆ. ಮೋಟರಿನ ಟರ್ಮಿನಲ್ಲಿನಲ್ಲೇ ಹಾಕಬೇಕು.

ಡಿಪ್ಲೊಮಾ_ಹುಡುಗ

ಹಾಗಾದರೆ ಕಾಲೇಜಿನಲ್ಲಿ ಹೇಳಿಕೊಡುವ ಪೆನಾಲ್ಟಿ? ದೊಡ್ಡ ಫ್ಯಾಕ್ಟರಿಗಳಿಗೆ ಪವರ್ ಫ್ಯಾಕ್ಟರ್ ಕಮ್ಮಿ ಇದ್ದರೆ ಬಿಲ್ ಜಾಸ್ತಿ ಬರುತ್ತದಲ್ವಾ?

ಸಬ್‌ಸ್ಟೇಷನ್_ನಿವೃತ್ತ

ಬರುತ್ತದೆ. ಯಾಕೆಂದರೆ ಆ 12 ಆಂಪನ್ನು ನಮ್ಮ ಟ್ರಾನ್ಸ್‌ಫಾರ್ಮರೂ ಹೊರಬೇಕು, ಲೈನೂ ಹೊರಬೇಕು. ಅಲ್ಲೂ ತಂತಿ ಬಿಸಿಯಾಗುತ್ತದೆ, ಅದು ಗ್ರಾಹಕರ ಮೀಟರಿನಲ್ಲಿ ಕಾಣುವುದಿಲ್ಲ. ಅದಕ್ಕೇ ಕೆಲವು ವರ್ಗದ ಗ್ರಾಹಕರಿಗೆ ಪವರ್ ಫ್ಯಾಕ್ಟರ್ ಸರ್ಚಾರ್ಜ್ ಇದೆ, ಕೆಲವು ರಾಜ್ಯಗಳಲ್ಲಿ ದೊಡ್ಡವರಿಗೆ ಕೆವಿಎ-ಗಂಟೆಯಲ್ಲೇ ಬಿಲ್. ಅಕ್ಕನ ಸಂಪರ್ಕ ಯಾವ ವರ್ಗ ಅನ್ನುವುದು ಬಿಲ್ಲಿನ ಮೇಲೆ ಇರುತ್ತದೆ. ಅದನ್ನು ನೋಡದೆ ನಾನು ಏನೂ ಹೇಳುವುದಿಲ್ಲ.

ಲೈನ್_ಮೇಲೆ

ಫೀಲ್ಡಿನಲ್ಲಿ ಕೆಲಸ ಮಾಡುವವನು. ಸಂಜೆ ಹೊತ್ತು ಹಳ್ಳಿಯ ಕೊನೆ ಮನೆಗಳಲ್ಲಿ ವೋಲ್ಟೇಜ್ ಬೀಳುವುದಕ್ಕೆ ಇಂಥ ಮೋಟರುಗಳೂ ಒಂದು ಕಾರಣ. ಕಂಡೆನ್ಸರ್ ಹಾಕಿದರೆ ನಮಗೂ ಉಪಕಾರ. ಆದರೆ ಒಂದು ಕೊರತೆ ಇದೆ. ವೋಲ್ಟೇಜ್ 230ರಿಂದ 200ಕ್ಕೆ ಬಿದ್ದಾಗ 80 ಮೈಕ್ರೋಫ್ಯಾರಡ್ ಕೊಡುವುದು 1325 ಅಲ್ಲ, ಸುಮಾರು 1000 ವಾರ್. ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ತುಂಬಾ ಬೇಕಾದ ಹೊತ್ತಿನಲ್ಲೇ ಕೈ ಕೊಡುತ್ತದೆ.

ಅಕ್ಕ, ನಿಮ್ಮ ಮೀಟರಿನ ಬಟನ್ ಒತ್ತುತ್ತಾ ಹೋಗಿ. ಕೆಲವು ಮೀಟರಿನಲ್ಲಿ `PF` ಅಂತ ಬರುತ್ತದೆ.

ಗಿರಣಿ_ಅಂಗಳ

ಒತ್ತಿದೆ. ನಮ್ಮದರಲ್ಲಿ ವೋಲ್ಟೇಜ್, ಕರೆಂಟ್ ಬಂತು, `PF` ಬರಲಿಲ್ಲ. ಪರವಾಗಿಲ್ಲ, ದೀಪ ಎಣಿಸುತ್ತೇನೆ.

ಬಿಲ್ ಇಳಿಯದಿದ್ದರೂ ಹಾಕಬೇಕು ಅನ್ನಿಸುತ್ತಿದೆ. ಶೆಡ್ಡಿನ ವೈರು ಬಿಸಿಯಾಗುವುದು ನನಗೆ ಮೊದಲಿಂದಲೂ ಚಿಂತೆ. 80ಕ್ಕಿಂತ ದೊಡ್ಡದು ಹಾಕಿ ಲಂಬ ಬಾಹುವನ್ನು ಪೂರ್ತಿ ಸೊನ್ನೆ ಮಾಡಿಬಿಡಬಹುದಲ್ವಾ?

ಸಬ್‌ಸ್ಟೇಷನ್_ನಿವೃತ್ತ

ಬೇಡ. ಎರಡು ಕಾರಣ.

ಖಾಲಿ ಓಟದಲ್ಲಿ ನಿಮ್ಮ ಲಂಬ ಬಾಹು 1918. ಅದನ್ನು ಸೊನ್ನೆ ಮಾಡಲು 115 ಮೈಕ್ರೋಫ್ಯಾರಡ್ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ತ್ರಿಕೋನ ಕೆಳಗೆ ತಿರುಗುತ್ತದೆ. ಆಂಪ್ ಮತ್ತೆ ಏರಲು ಶುರುವಾಗುತ್ತದೆ, ಈ ಸಲ ಕಂಡೆನ್ಸರಿನ ದೆಸೆಯಿಂದ. 200 ಹಾಕಿದರೆ ಖಾಲಿ ಓಟದಲ್ಲಿ 6.3 ಆಂಪ್ ಬರುತ್ತದೆ. ಕ್ಲಾಂಪಿಗೆ ಹಿಂದೆ ಬಿದ್ದ ಕರೆಂಟೂ ಒಂದೇ, ಮುಂದೆ ಓಡಿದ ಕರೆಂಟೂ ಒಂದೇ. ಆದ್ದರಿಂದ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಬೇಕು. ಆಂಪ್ ಇಳಿಯುತ್ತಿರುವವರೆಗೆ ನೀವು ಈ ಕಡೆ ಇದ್ದೀರಿ.

ಎರಡನೆಯದು ಅಪಾಯದ ವಿಷಯ. ಕಂಡೆನ್ಸರ್ ಮೋಟರಿಗೇ ಕಟ್ಟಿದ್ದಾಗ ಸ್ವಿಚ್ ತೆಗೆದರೂ ಗಿರಣಿ ಕಲ್ಲಿನ ಭಾರಕ್ಕೆ ಮೋಟರ್ ಸ್ವಲ್ಪ ಹೊತ್ತು ತಿರುಗುತ್ತದೆ. ಕಂಡೆನ್ಸರ್ ದೊಡ್ಡದಿದ್ದರೆ ಆಗ ಮೋಟರೇ ಜನರೇಟರಿನಂತೆ ವೋಲ್ಟೇಜ್ ಹುಟ್ಟಿಸಬಹುದು. ಅದಕ್ಕೆ ಖಾಲಿ ಓಟದ ವಾರಿನ ಶೇಕಡಾ 90 ದಾಟಬಾರದು ಅನ್ನುವ ರೂಢಿ ಇದೆ. ನಿಮಗೆ ಅದು ಸುಮಾರು 104 ಮೈಕ್ರೋಫ್ಯಾರಡ್. 80 ಅಂದರೆ ಸುರಕ್ಷಿತ. ಬೇರೆ ಸ್ವಿಚ್ ಇಟ್ಟು ಹಾಕುವುದಾದರೆ ಚಾರ್ಜ್ ಇಳಿಸುವ ರೆಸಿಸ್ಟರ್ ಇರಲೇಬೇಕು. ಸ್ವಿಚ್ ತೆಗೆದ ಕ್ಷಣ ಅದರಲ್ಲಿ 325 ವೋಲ್ಟ್ ಉಳಿದಿರಬಹುದು. ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಡಿಪ್ಲೊಮಾ_ಹುಡುಗ

ಸರ್, ನಾನೊಂದು ಅಳತೆ ಮಾಡಿದೆ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್. 230 ವೋಲ್ಟ್, 0.075 ಆಂಪ್, 9.1 ವ್ಯಾಟ್. ಅಂದರೆ 17 ವಿಎ, ಪವರ್ ಫ್ಯಾಕ್ಟರ್ 0.53. ತ್ರಿಕೋನದಲ್ಲಿ 14.7 ವಾರ್ ಬರುತ್ತದೆ. ಇದಕ್ಕೂ 1 ಮೈಕ್ರೋಫ್ಯಾರಡ್ ಹಾಕಿದರೆ ಸರಿಹೋಗಬೇಕಲ್ವಾ? ಹಾಕಿ ನೋಡಿದರೆ ಆಂಪ್ ಜಾಸ್ತಿ ಆಯಿತು!

ಸಬ್‌ಸ್ಟೇಷನ್_ನಿವೃತ್ತ

ಒಳ್ಳೆಯ ಪ್ರಯೋಗ. ತ್ರಿಕೋನದ ಮಿತಿ ಇಲ್ಲೇ ಇರುವುದು. ಮೋಟರಿನ ಕರೆಂಟ್ ನುಣುಪಾದ ಅಲೆ, ಬರೀ ಹಿಂದೆ ಬಿದ್ದಿದೆ ಅಷ್ಟೇ. ಬಲ್ಬಿನ ಒಳಗಿನ ರೆಕ್ಟಿಫೈಯರ್ ವೋಲ್ಟೇಜ್ ಶಿಖರದ ಹತ್ತಿರ ಮಾತ್ರ ಕರೆಂಟನ್ನು ಚೂಪಾಗಿ ಎಳೆಯುತ್ತದೆ. ಅದರಲ್ಲಿ 150, 250, 350 ಹರ್ಟ್ಸಿನ ಅಲೆಗಳು ಬೆರೆತಿರುತ್ತವೆ. ಅವು ಆಂಪನ್ನು ಹೆಚ್ಚಿಸುತ್ತವೆ, ಆದರೆ 50 ಹರ್ಟ್ಸಿನ ಶುದ್ಧ ವೋಲ್ಟೇಜಿನೊಂದಿಗೆ ಸೇರಿ ಸರಾಸರಿ ಶಕ್ತಿ ಏನೂ ಕೊಡುವುದಿಲ್ಲ. ನೀವು ಕಂಡ 14.7 ಬಹುಪಾಲು ಅದೇ. ಹಿಂದೆ ಬಿದ್ದ ಕರೆಂಟೇ ಇಲ್ಲದಿದ್ದಾಗ ಕಂಡೆನ್ಸರ್ ಯಾವುದನ್ನು ಸರಿದೂಗಿಸಬೇಕು? ತನ್ನ ಕರೆಂಟನ್ನೂ ಸೇರಿಸಿತು, ಅಷ್ಟೇ.

ಲೈನ್_ಮೇಲೆ

ಪುಸ್ತಕದಲ್ಲಿ ಇದಕ್ಕೆ ಡಿಸ್ಟಾರ್ಷನ್ ಪವರ್ ಅಂತ ಮೂರನೇ ಬಾಹು ಸೇರಿಸುತ್ತಾರೆ. `S² = P² + Q² + D²`. ತ್ರಿಕೋನ ಹೋಗಿ ಪೆಟ್ಟಿಗೆ ಆಗುತ್ತದೆ.

ಸಬ್‌ಸ್ಟೇಷನ್_ನಿವೃತ್ತ

ಆ ವಿಂಗಡಣೆ ನನಗೆ ಒಪ್ಪಿಗೆ ಇಲ್ಲ. ಅದರಲ್ಲಿ ಎಲ್ಲ ಹಾರ್ಮೋನಿಕ್‌ಗಳ ವಾರ್ ಕೂಡಿಸಿ ಒಂದು Q ಮಾಡುತ್ತಾರೆ. ಹಾಗೆ ಬಂದ ಸಂಖ್ಯೆ ನೋಡಿ ಕಂಡೆನ್ಸರ್ ಆರಿಸಲು ಆಗುವುದಿಲ್ಲ. ಐಇಇಇ 1459 ಮಾಡುವಂತೆ 50 ಹರ್ಟ್ಸಿನ ಭಾಗವನ್ನು ಬೇರೆ ತೆಗೆದು, ಅದಕ್ಕಷ್ಟೇ ತ್ರಿಕೋನ ಹಾಕುವುದು ಉಪಯೋಗದ ದಾರಿ.

ಲೈನ್_ಮೇಲೆ

ಲ್ಯಾಬಿನಲ್ಲಿ ಸರಿ ಸರ್. ಕೈಯಲ್ಲಿರುವ ಮೀಟರ್ 50 ಹರ್ಟ್ಸನ್ನು ಬೇರೆ ಮಾಡಿ ತೋರಿಸುವುದಿಲ್ಲ. ಇನ್ನೊಂದು ಎಳೆಯಲ್ಲಿ ಮಾತಾಡೋಣ, ಇದು ಅಕ್ಕನ ಗಿರಣಿಯದು.

ಗಿರಣಿ_ಅಂಗಳ

40 ಮೈಕ್ರೋಫ್ಯಾರಡ್‌ನ ಎರಡು ತರಿಸುತ್ತೇನೆ. ಹಾಕಿದ ಮೇಲೆ ಬೀಸುತ್ತಾ ದೀಪ ಎಣಿಸಿ ಬರೆಯುತ್ತೇನೆ.

ಸಬ್‌ಸ್ಟೇಷನ್_ನಿವೃತ್ತ

ಬೀಸುತ್ತಾ ಎಣಿಸಿದರೆ ಏನೂ ತಿಳಿಯುವುದಿಲ್ಲ ಅಕ್ಕ. ಉಳಿತಾಯ ಶೇಕಡಾ 2. ಧಾನ್ಯ ಬೀಳುವ ವೇಗ ಅದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಖಾಲಿ ಓಟದಲ್ಲಿ ಎಣಿಸಿ. ಅಲ್ಲಿ ಆಂಪ್ 8.5ರಿಂದ ಸುಮಾರು 3.1ಕ್ಕೆ ಇಳಿಯಬೇಕು. ವೈರಿನಲ್ಲಿ ಬಿಸಿಯಾಗುತ್ತಿದ್ದ 43 ವ್ಯಾಟ್ 6ಕ್ಕೆ ಇಳಿಯುತ್ತದೆ. 380 ವ್ಯಾಟಿನಲ್ಲಿ 37 ಅಂದರೆ ಹತ್ತರಲ್ಲಿ ಒಂದು ಪಾಲು. 100 ಮಿನುಗಿಗೆ ಈಗ 295 ಸೆಕೆಂಡ್ ಹಿಡಿಯುತ್ತಿದೆ, ಆಮೇಲೆ 328ರ ಆಸುಪಾಸು ಬರಬೇಕು. ವೋಲ್ಟೇಜ್ ಎರಡೂ ಸಲ ಒಂದೇ ಇರುವ ಹೊತ್ತು ನೋಡಿಕೊಳ್ಳಿ, ಬೆಳಗ್ಗೆ ಬೇಗ ಆದರೆ ಒಳ್ಳೆಯದು.

ವೈಂಡಿಂಗ್_ಮಾಮ

ಒಂದು ಕಂಡೆನ್ಸರ್ ಹಾಕಿದಾಗಲೂ ಆಂಪ್ ಬರೆದುಕೊ, ಎರಡು ಹಾಕಿದಾಗಲೂ ಬರೆದುಕೊ. ನನ್ನ ಅಂಗಡಿಗೆ ಬರುವ ಮೋಟರುಗಳಿಗೂ ಹಾಗೇ ಮಾಡಿ ನೋಡಬೇಕು ಅಂತಿದ್ದೇನೆ.

ಗಿರಣಿ_ಅಂಗಳ

ಬರೆಯುತ್ತೇನೆ ಮಾಮ. ಒಂದೇ ಒಂದು ಹಾಕಿದಾಗ ಖಾಲಿ ಓಟಕ್ಕೆ ನಾನು ಲೆಕ್ಕ ಹಾಕಿದ್ದು 5.7 ಆಂಪ್. ಸರಿಯಿದೆಯಾ ಯಾರಾದರೂ ನೋಡಿ.